ಎಣ್ಣೆ ಕುಡಿದ ರಟ್ಟು, ನೀರು ಕುಡಿದ ಕಾಗದ

ಹಳೇ ರಟ್ಟು ತುಂಬಿದ ಲಾರಿ ಪೇಪರ್ ಮಿಲ್‌ನ ಗೇಟಿಗೆ ಬಂದರೆ ಅಲ್ಲಿನವರು ಮೊದಲು ನೋಡುವುದು ಸರಕು ಒಣಗಿದೆಯೇ ಎಂಬುದನ್ನು. ಒದ್ದೆಯಿದ್ದರೆ ತೂಕದಲ್ಲಿ ಕಡಿತ ಮಾಡುತ್ತಾರೆ, ತೀರಾ ಒದ್ದೆಯಿದ್ದರೆ ಲಾರಿಯನ್ನೇ ವಾಪಸು ಕಳಿಸುತ್ತಾರೆ. ಹೀಗೆ ಒಣಗಿದ್ದನ್ನೇ ಆರಿಸಿ ಒಳಗೆ ತೆಗೆದುಕೊಂಡ ಮೇಲೆ ಅವರು ಮಾಡುವ ಮೊದಲ ಕೆಲಸ ಅದನ್ನು ನೀರಿಗೆ ಸುರಿದು ಕಲಕುವುದು! ಹೇಗೂ ನೆನೆಸಬೇಕಾದ ಕಾಗದ ಮೊದಲೇ ನೆನೆದು ಬಂದರೆ ತಕರಾರು ಯಾಕೆ?

ಪಿಜ್ಜಾ ಡಬ್ಬಿಯ ಬಗ್ಗೆಯೂ ಇಂಥದ್ದೇ ಗೊಂದಲವಿದೆ. ಒಬ್ಬರು ಅದನ್ನು ಒಣ ಕಸದ ಚೀಲಕ್ಕೆ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಹತ್ತಿದ್ದು ಮರುಬಳಕೆಗೆ ಬಾರದು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜವಿದೆ. ಯಾವುದು ಎಷ್ಟು ನಿಜ ಎಂದು ತಿಳಿಯಲು ರಟ್ಟು ಮತ್ತೆ ರಟ್ಟಾಗುವುದು ಹೇಗೆಂದು ಒಮ್ಮೆ ನೋಡಬೇಕು.

ಮಿಲ್‌ನೊಳಗೆ

ಕಾಗದವೆಂದರೆ ಮರದ ನಾರು. ಒಂದೊಂದು ನಾರಿನ ಉದ್ದ ಸುಮಾರು 1ರಿಂದ 3 ಮಿಲಿಮೀಟರ್. ಹಾಳೆಯಲ್ಲಿ ಈ ನಾರುಗಳನ್ನು ಹಿಡಿದಿಡುವುದು ಮುಖ್ಯವಾಗಿ ಅಂಟಲ್ಲ. ನೀರಿನಲ್ಲಿ ತೇಲುತ್ತಿರುವ ನಾರುಗಳು ಒಂದರ ಮೇಲೊಂದು ಕೂತು, ನೀರು ಬಸಿದು ಒಣಗುವಾಗ ಪರಸ್ಪರ ಹತ್ತಿರ ಸರಿದು ತಾವೇ ಬೆಸೆದುಕೊಳ್ಳುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಹೈಡ್ರೋಜನ್ ಬಂಧ ಎಂದು ಹೆಸರು. ನೀರು ಮತ್ತೆ ಸೇರಿದರೆ ಈ ಬಂಧ ಸಡಿಲಗೊಳ್ಳುತ್ತದೆ, ನೀರು ಹೋದರೆ ಮತ್ತೆ ಕೂಡುತ್ತದೆ. ಕಾಗದವನ್ನು ಮತ್ತೆ ಕಾಗದ ಮಾಡಲು ಸಾಧ್ಯವಾಗಿರುವುದೇ ಇದರಿಂದ.

ಮಿಲ್‌ನಲ್ಲಿ ರಟ್ಟು ಮೊದಲು ಬೀಳುವುದು ಪಲ್ಪರ್ ಎಂಬ ದೊಡ್ಡ ತೊಟ್ಟಿಗೆ. ತಳದಲ್ಲಿ ತಿರುಗುವ ರೆಕ್ಕೆಗಳು ಅದನ್ನು ನೀರಿನೊಡನೆ ಕಲಕಿ ಕೆಲವೇ ನಿಮಿಷಗಳಲ್ಲಿ ಗಂಜಿ ಮಾಡುತ್ತವೆ. ಟೇಪು, ಪ್ಲಾಸ್ಟಿಕ್ ಹಾಳೆ, ದಾರ ಇಂಥವು ಗಂಜಿಯಾಗದೆ ಉಳಿಯುವುದರಿಂದ ಜಾಲರಿಗಳಲ್ಲಿ ಸಿಕ್ಕಿಬೀಳುತ್ತವೆ. ಪಿನ್ನು, ಮರಳು ಭಾರವಿರುವುದರಿಂದ ಗಂಜಿಯನ್ನು ಸುಳಿಯಂತೆ ತಿರುಗಿಸುವ ಕೊಳವೆಗಳಲ್ಲಿ ಬೇರ್ಪಡುತ್ತವೆ. ಉಳಿದದ್ದಕ್ಕೆ ಇನ್ನಷ್ಟು ನೀರು ಬೆರೆಸಿ, ನೂರು ಭಾಗದಲ್ಲಿ ಒಂದು ಭಾಗದಷ್ಟೇ ನಾರಿರುವ ತಿಳಿ ಮಾಡಿ, ಓಡುತ್ತಿರುವ ಬಲೆಯ ಮೇಲೆ ಹರಡುತ್ತಾರೆ. ನೀರು ಕೆಳಗೆ ಇಳಿಯುತ್ತದೆ, ನಾರು ಮೇಲೆ ನಿಲ್ಲುತ್ತದೆ. ಆಮೇಲೆ ರೋಲರ್‌ಗಳ ನಡುವೆ ಹಿಂಡಿ, ಉಗಿಯಿಂದ ಕಾಯಿಸಿದ ಉರುಳೆಗಳ ಮೇಲೆ ಹಾಯಿಸಿದರೆ ಹೊಸ ಹಾಳೆ ಸಿದ್ಧ.

ಈ ಹಾದಿಯಲ್ಲಿ ಕಲ್ಮಶ ತೆಗೆಯಲು ಇರುವ ಉಪಾಯಗಳು ಎರಡೇ ಎಂಬುದನ್ನು ಗಮನಿಸಿ. ದೊಡ್ಡದು ಜಾಲರಿಯಲ್ಲಿ ಸಿಗಬೇಕು, ಭಾರವಾದದ್ದು ಸುಳಿಯಲ್ಲಿ ಬೀಳಬೇಕು. ಎಣ್ಣೆ ಈ ಎರಡಕ್ಕೂ ಸಿಗುವುದಿಲ್ಲ. ಅದು ನಾರಿಗೇ ಹತ್ತಿಕೊಂಡು ಹಾಳೆಯ ತನಕ ಬರುತ್ತದೆ. ಬಿಳಿ ಕಾಗದ ಮಾಡುವ ಕೆಲವು ಮಿಲ್‌ಗಳಲ್ಲಿ ಶಾಯಿ ತೆಗೆಯಲು ನೊರೆ ಎಬ್ಬಿಸುವ ತೊಟ್ಟಿಗಳಿರುತ್ತವೆ. ಕಂದು ರಟ್ಟು ಮಾಡುವ ಮಿಲ್‌ಗಳಿಗೆ ಆ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಪಿಜ್ಜಾ ಡಬ್ಬಿ ಹೋಗುವುದು ಅಲ್ಲಿಗೇ.

ಎಣ್ಣೆ ಮಾಡುವ ಕಿತಾಪತಿ

ಎಣ್ಣೆ ಸವರಿ ಮಡಿಚಿ ಲಟ್ಟಿಸಿದ ಚಪಾತಿ ಪದರ ಪದರವಾಗಿ ಬಿಡುತ್ತದಲ್ಲ, ನಾರಿನ ನಡುವೆಯೂ ಎಣ್ಣೆ ಅದೇ ಕೆಲಸ ಮಾಡುತ್ತದೆ. ಎಣ್ಣೆ ಹತ್ತಿದ ನಾರು ನೀರನ್ನು ದೂರ ತಳ್ಳುತ್ತದೆ, ಒಣಗುವಾಗ ಪಕ್ಕದ ನಾರಿಗೆ ಸರಿಯಾಗಿ ಬೆಸೆಯುವುದಿಲ್ಲ. ಹಾಳೆಯಲ್ಲಿ ಅಲ್ಲಲ್ಲಿ ಕಲೆ ಉಳಿಯುತ್ತದೆ, ಎಣ್ಣೆ ಹೆಚ್ಚಿದ್ದರೆ ರಟ್ಟಿನ ಬಲವೇ ಕುಗ್ಗುತ್ತದೆ.

ಹಾಗಾದರೆ ಎಷ್ಟು ಎಣ್ಣೆ ಹೆಚ್ಚು? ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಅಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಪಿಜ್ಜಾ ಡಬ್ಬಿ ಬಳಕೆಯಾಗುತ್ತದೆ ಎಂಬ ಅಂದಾಜಿದೆ. ವೆಸ್ಟ್‌ರಾಕ್ ಎಂಬ ರಟ್ಟು ತಯಾರಿಕಾ ಕಂಪನಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಳಸಿ ಬಿಟ್ಟ ಡಬ್ಬಿಗಳಲ್ಲಿ ಎಣ್ಣೆಯ ಪ್ರಮಾಣ ಸರಾಸರಿ ತೂಕದ ಶೇ. 1ರಿಂದ 2. ಎಣ್ಣೆ ತೀರಾ ಏರಿದಾಗ ಹಾಳೆಯ ಬಲ ಕುಗ್ಗುವುದು ನಿಜ, ಆದರೆ ಸಾಮಾನ್ಯ ಡಬ್ಬಿಗಳಲ್ಲಿರುವ ಮಟ್ಟದಲ್ಲಿ ಅವುಗಳನ್ನು ನಿರಾಕರಿಸಲು ತಾಂತ್ರಿಕ ಕಾರಣವಿಲ್ಲ ಎಂದು ಅಧ್ಯಯನ ಹೇಳಿತು. ಅಲ್ಲಿನ ಕಾಗದ ಉದ್ಯಮದ ಸಂಘವೂ ಈ ಮಾತನ್ನು ಒಪ್ಪಿತು. ಹಳೇ ರಟ್ಟೇ ಇವರ ಕಚ್ಚಾಮಾಲು, ಹಾಗಾಗಿ ಡಬ್ಬಿಗಳು ಬರಲಿ ಎಂಬ ಆಸೆ ಇವರಿಗಿದೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು. ಆದರೂ ಅವರ ಲೆಕ್ಕ ಸುಲಭವಾಗಿ ಅರ್ಥವಾಗುವಂಥದ್ದು. ಡಬ್ಬಿಯೊಂದು 100 ಗ್ರಾಂ ತೂಗುತ್ತದೆ ಎಂದುಕೊಂಡರೆ ಅದರಲ್ಲಿರುವ ಎಣ್ಣೆ ಒಂದೆರಡು ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕಿಂತಲೂ ಕಡಿಮೆ. ಅದು ಎಣ್ಣೆಯಿಲ್ಲದ ನೂರಾರು ಪೆಟ್ಟಿಗೆಗಳ ಗಂಜಿಯಲ್ಲಿ ಹರಡಿಹೋಗುತ್ತದೆ.

ಮಿಲ್‌ನ ಮಟ್ಟಿಗೆ ಸ್ವಲ್ಪ ಎಣ್ಣೆ ದೊಡ್ಡ ಅಪರಾಧವಲ್ಲ ಎಂದಾಯಿತು. ನಮ್ಮಲ್ಲಿ ತೊಂದರೆ ಶುರುವಾಗುವುದು ಮಿಲ್‌ಗಿಂತ ಬಹಳ ಮೊದಲು.

ಮೂಟೆಯಲ್ಲಿ ನಡೆಯುವುದು

ಬೆಂಗಳೂರಿನ ಮನೆಯೊಂದರ ಡಬ್ಬಿ ಮಿಲ್ ಮುಟ್ಟುವ ದಾರಿ ಉದ್ದವಾದದ್ದು. ಹಸಿ ಕಸಕ್ಕೊಂದು ಬುಟ್ಟಿ, ನೈರ್ಮಲ್ಯ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಪದ್ಧತಿಯನ್ನು 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ನಗರಕ್ಕೆ ಕಡ್ಡಾಯ ಮಾಡಿತು. ಒಣ ಕಸ ಹಲವು ಬಡಾವಣೆಗಳಲ್ಲಿ ವಾರಕ್ಕೊಂದೆರಡು ದಿನ ಮಾತ್ರ ಮನೆಯಿಂದ ಹೋಗುತ್ತದೆ. ಅಲ್ಲಿಂದ ಒಣ ಕಸ ಸಂಗ್ರಹಣಾ ಕೇಂದ್ರಕ್ಕೆ ಬಂದು, ನೆಲದ ಮೇಲೆ ಸುರಿದು, ಕೈಯಲ್ಲಿ ಬೇರೆ ಬೇರೆಯಾಗುತ್ತದೆ. ರಟ್ಟನ್ನು ಮೂಟೆ ಕಟ್ಟಿ ಗೋದಾಮಿಗೆ ಸಾಗಿಸುತ್ತಾರೆ. ಅಲ್ಲಿ ಯಂತ್ರದಲ್ಲಿ ಒತ್ತಿ ಬೇಲ್ ಮಾಡಿದ ಮೇಲೆ ಅದು ನಂಜನಗೂಡಿನ ಕಡೆಗೋ ತಮಿಳುನಾಡಿನ ಕೊಯಮತ್ತೂರು, ಈರೋಡ್ ಕಡೆಗೋ ಇರುವ ಮಿಲ್‌ಗಳ ದಾರಿ ಹಿಡಿಯುತ್ತದೆ. ಇಷ್ಟಕ್ಕೆಲ್ಲ ದಿನಗಳೇ ಹಿಡಿಯುತ್ತವೆ, ಕೆಲವೊಮ್ಮೆ ವಾರಗಳು.

ಡಬ್ಬಿಯ ತಳದಲ್ಲಿ ಅಂಟಿದ ಚೀಸು, ಟೊಮೆಟೊ ಸಾಸು, ಅರ್ಧ ತಿಂದು ಬಿಟ್ಟ ಅಂಚು ಇಷ್ಟು ದಿನ ಸುಮ್ಮನಿರುವುದಿಲ್ಲ. ಎರಡನೆಯ ದಿನಕ್ಕೆ ವಾಸನೆ, ಮೂರನೆಯ ದಿನಕ್ಕೆ ಬೂಷ್ಟು, ಜಿರಳೆ, ಇಲಿ. ಅದರ ಪಸೆ ಮೇಲೆ ಕೆಳಗಿರುವ ನೋಟ್‌ಬುಕ್ಕಿನ ಹಾಳೆಗೂ ಪಾರ್ಸಲ್ ಪೆಟ್ಟಿಗೆಗೂ ತಗಲುತ್ತದೆ. ವಿಂಗಡಿಸುವ ಹೆಂಗಸು ಅಂಥ ಡಬ್ಬಿಯನ್ನು ಮುಚ್ಚಳ ತೆಗೆದು, ಚೀಸು ಕೆರೆದು, ಒಳ್ಳೆಯ ಭಾಗ ಹರಿದಿಟ್ಟುಕೊಳ್ಳುತ್ತ ಕೂರಲಾರಳು. ರಟ್ಟಿಗೆ ಸಿಗುವುದು ಕಿಲೋ ಲೆಕ್ಕದ ಚಿಲ್ಲರೆ ಹಣ. ಒಂದು ಕಿಲೋ ಆಗಲು ಇಂಥ ಹತ್ತು ಡಬ್ಬಿಗಳಾದರೂ ಬೇಕು. ಹಾಗಾಗಿ ಡಬ್ಬಿ ಇಡಿಯಾಗಿ ತಿರಸ್ಕೃತ ಕಸದ ರಾಶಿಗೆ ಹೋಗುತ್ತದೆ, ಚೊಕ್ಕಟವಾಗಿದ್ದ ಮುಚ್ಚಳವೂ ಅದರ ಜೊತೆಗೇ ಹೋಗುತ್ತದೆ.

ಮಿಲ್ ತಡೆದುಕೊಳ್ಳುವ ಎಣ್ಣೆಯನ್ನು ಮೂಟೆ ತಡೆದುಕೊಳ್ಳುವುದಿಲ್ಲ. ಅಮೆರಿಕದ ಅಧ್ಯಯನವನ್ನು ಓದಿ ಡಬ್ಬಿಯನ್ನು ಹಾಗೇ ಚೀಲಕ್ಕೆ ಎಸೆಯಬಾರದು ಎನ್ನುವುದು ಇದಕ್ಕೇ.

ನೀರಿನ ಲೆಕ್ಕ

ಒದ್ದೆ ಕಾಗದದ ಪ್ರಶ್ನೆಗೂ ಉತ್ತರ ಇದೇ ದಾರಿಯಲ್ಲಿದೆ. ಮೊದಲನೆಯದು ದುಡ್ಡಿನ ವಿಷಯ. ಒಣಗಿದೆ ಎನ್ನುವ ರಟ್ಟಿನಲ್ಲೂ ಗಾಳಿಯಿಂದ ಹೀರಿಕೊಂಡ ನೀರು ಸ್ವಲ್ಪ ಇದ್ದೇ ಇರುತ್ತದೆ. ಯುರೋಪಿನಲ್ಲಿ ಹಳೇ ಕಾಗದದ ವ್ಯಾಪಾರಕ್ಕೆ ಇರುವ ಇಎನ್ 643 ಎಂಬ ಮಾನದಂಡ ಶೇ. 10ರಷ್ಟು ತೇವವನ್ನು ಮಿತಿಯಾಗಿ ಇಟ್ಟಿದೆ. ಅದನ್ನೇ ಹಿಡಿದು ಲೆಕ್ಕ ಹಾಕೋಣ. ಗೋದಾಮಿನಿಂದ ಹೊರಡುವ 100 ಕಿಲೋ ಬೇಲ್‌ನಲ್ಲಿ 90 ಕಿಲೋ ನಾರು, 10 ಕಿಲೋ ನೀರು. ದಾರಿಯಲ್ಲಿ ಮಳೆಗೆ ಸಿಕ್ಕಿ ತೇವ ಶೇ. 25ಕ್ಕೆ ಏರಿತು ಎನ್ನಿ. ನಾರು ಈಗಲೂ 90 ಕಿಲೋನೇ, ಆದರೆ ಬೇಲ್ 120 ಕಿಲೋ ತೂಗುತ್ತದೆ. ಮಿಲ್‌ನವರು ತೇವ ಅಳೆಯುವ ಮೀಟರನ್ನು ಬೇಲ್‌ಗೆ ಚುಚ್ಚಿ ನೋಡಿ 20 ಕಿಲೋ ಕಡಿತ ಮಾಡುತ್ತಾರೆ. ಲಾರಿಯ ಬಾಡಿಗೆಯನ್ನು ಮಾತ್ರ 120 ಕಿಲೋಗೂ ಕೊಡಬೇಕು. ಎರಡೂ ಕಡೆಯ ನಷ್ಟ ಕೊನೆಗೆ ಇಳಿಯುವುದು ಗುಜರಿಯವನ ಮತ್ತು ಕಸ ಆಯುವವರ ತಲೆಯ ಮೇಲೆ.

ಎರಡನೆಯದು ನಾರಿನ ವಿಷಯ. ಪಲ್ಪರ್‌ನಲ್ಲಿ ನಾರು ನೀರಿನಲ್ಲಿರುವುದು ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಬೇಗನೆ ಒಣಗಿಬಿಡುತ್ತದೆ. ಮೂಟೆಯೊಳಗಿನ ಒದ್ದೆ ಹಾಗಲ್ಲ. ಗಾಳಿಯಾಡದೆ, ಬೆಚ್ಚಗೆ, ದಿನಗಟ್ಟಲೆ ಉಳಿಯುತ್ತದೆ. ಶಿಲೀಂಧ್ರಕ್ಕೆ ಬೇಕಾದದ್ದು ಇಷ್ಟೇ. ರಟ್ಟಿನ ಪೆಟ್ಟಿಗೆಯ ಅಲೆಯಂಥ ಒಳಹಾಳೆಯನ್ನು ಹೊರಹಾಳೆಗಳಿಗೆ ಅಂಟಿಸುವುದು ಸಾಮಾನ್ಯವಾಗಿ ಪಿಷ್ಟದ ಗೋಂದಿನಿಂದ. ಬೂಷ್ಟು ಮೊದಲು ಆ ಪಿಷ್ಟಕ್ಕೆ ಕೈ ಹಾಕುತ್ತದೆ, ಬಳಿಕ ನಾರಿನ ಸೆಲ್ಯುಲೋಸನ್ನೂ ಕಡಿಯತೊಡಗುತ್ತದೆ. ನಾರು ಗಿಡ್ಡವಾಗುತ್ತದೆ, ಸತ್ವ ಕಳೆದುಕೊಳ್ಳುತ್ತದೆ. ಹಾಗೆ ನೋಡಿದರೆ ಒಂದು ನಾರು ತಾಳುವುದೇ ಸುಮಾರು 5ರಿಂದ 7 ಸುತ್ತು ಮರುಬಳಕೆಯನ್ನು, ಪ್ರತಿ ಸುತ್ತಿನಲ್ಲೂ ಅದು ಸವೆಯುತ್ತದೆ. ಭಾರತದ ಕಂದು ರಟ್ಟಿನ ಬಹುಪಾಲು ಹಳೇ ಕಾಗದದಿಂದಲೇ ತಯಾರಾಗುತ್ತದೆ. ಮೊದಲೇ ಸವೆದ ನಾರಿಗೆ ಮೂಟೆಯಲ್ಲಿ ಕೊಳೆಯುವ ಶಿಕ್ಷೆಯೂ ಸೇರಿದರೆ ಅದರಿಂದ ಗಟ್ಟಿ ಪೆಟ್ಟಿಗೆ ಆಗುವುದು ಕಷ್ಟ.

ಮೂರನೆಯದು ಸಣ್ಣದಾಗಿ ಕಂಡರೂ ವಿಂಗಡಿಸುವವರಿಗೆ ದೊಡ್ಡ ತಲೆನೋವು. ಒದ್ದೆ ಕಾಗದ ಹರಿದು ಪ್ಲಾಸ್ಟಿಕ್ ಕವರಿಗೆ, ಬಾಟಲಿಗೆ ಮೆತ್ತಿಕೊಳ್ಳುತ್ತದೆ. ಆಗ ಕಾಗದವೂ ಹಾಳು, ಅದು ಮೆತ್ತಿದ ಪ್ಲಾಸ್ಟಿಕ್ಕೂ ಹೊಲಸು.

ಒಂದು ಡಬ್ಬಿಯ ತೀರ್ಪು

ಈಗ ಶನಿವಾರ ರಾತ್ರಿ ತಿಂದು ಮುಗಿಸಿದ ಪಿಜ್ಜಾದ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳೋಣ.

ಮೊದಲು ಡಬ್ಬಿಯದಲ್ಲದ್ದನ್ನೆಲ್ಲ ಹೊರಗೆ ತೆಗೆಯಿರಿ. ನಡುವೆ ನಿಲ್ಲಿಸಿರುವ ಮೂರು ಕಾಲಿನ ಪ್ಲಾಸ್ಟಿಕ್ ಪುಟಾಣಿ ಮೇಜು, ಒರೆಗಾನೊ ಮತ್ತು ಮೆಣಸಿನ ಚೂರಿನ ಪೊಟ್ಟಣಗಳು ಒಣ ಕಸಕ್ಕೆ ಬೇರೆಯಾಗಿ ಹೋಗಬೇಕು. ತಳದಲ್ಲಿ ಹಾಸಿದ ಎಣ್ಣೆಕಾಗದವಿದ್ದರೆ ಅದು ಮರುಬಳಕೆಗೆ ಬಾರದು. ಉಳಿದ ಚೂರುಪಾರು ತಿಂಡಿಯನ್ನು ಕೆರೆದು ಹಸಿ ಕಸಕ್ಕೆ ಹಾಕಿ. ಡಬ್ಬಿಯನ್ನು ತೊಳೆಯಲು ಮಾತ್ರ ಹೋಗಬೇಡಿ. ರಟ್ಟಿಗೆ ನೀರು ಹೋಗುತ್ತದೆಯೇ ಹೊರತು ಎಣ್ಣೆ ಬರುವುದಿಲ್ಲ.

ಆಮೇಲೆ ಮುಚ್ಚಳದ ಒಳಮೈ ನೋಡಿ. ಬಿಸಿ ಪಿಜ್ಜಾದ ಹಬೆಗೆ ಅದು ಸ್ವಲ್ಪ ಮೆತ್ತಗಾಗಿರಬಹುದು, ಒಂದೆರಡು ಚುಕ್ಕೆ ಎಣ್ಣೆಯೂ ಇರಬಹುದು. ಇದು ದೋಷವಲ್ಲ. ಮುಚ್ಚಳವನ್ನು ಮಡಿಕೆಯ ಗೆರೆಯಲ್ಲಿ ಹರಿದು ಬೇರೆ ಮಾಡಿ, ಗಾಳಿಗೆ ಇಟ್ಟು, ಒಣ ಕಸಕ್ಕೆ ಕೊಡಿ.

ತೀರ್ಪು ಕಷ್ಟವಾಗುವುದು ತಳದ್ದು. ಅದನ್ನು ತಿರುವಿ ಹೊರಮೈ ನೋಡಿ. ಒಳಗೆ ಕಲೆಯಿದ್ದು ಹೊರಗೆ ಏನೂ ಕಾಣದಿದ್ದರೆ ಎಣ್ಣೆ ಒಳಹಾಳೆಯಲ್ಲೇ ನಿಂತಿದೆ ಎಂದರ್ಥ. ಕಲೆಯೂ ಚಿಕ್ಕದಾಗಿದ್ದು ತಿಂಡಿ ಅಂಟಿರದಿದ್ದರೆ ಇದೂ ಒಣ ಕಸಕ್ಕೆ ಹೋಗಬಹುದು. ಎಣ್ಣೆ ಮೂರೂ ಪದರ ದಾಟಿ ಹೊರಗೆ ಕಪ್ಪಗೆ ಮೂಡಿದ್ದರೆ, ಇಲ್ಲವೇ ಚೀಸು ಕೆರೆದರೂ ಬಿಡದಂತೆ ಅಂಟಿದ್ದರೆ ಆ ಭಾಗವನ್ನು ಹರಿದು ಹಸಿ ಕಸದ ಕಡೆ ಇಡಿ. ತಳದ ಅಂಚಿನ ಗೋಡೆಗಳು ಸಾಮಾನ್ಯವಾಗಿ ಒಣಗಿಯೇ ಇರುತ್ತವೆ, ಅವನ್ನು ಮುಚ್ಚಳದ ಜೊತೆ ಸೇರಿಸಬಹುದು. ನಡುವಿನ ಜಿಡ್ಡಿನ ತುಂಡು ಹೋದರೂ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ರಟ್ಟು ಉಳಿಯುತ್ತದೆ.

ಕಲೆ ಎಣ್ಣೆಯದೋ ನೀರಿನದೋ ಎಂಬ ಅನುಮಾನ ಬಂದರೆ ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ನೀರಿನ ಕಲೆ ಒಣಗಿ ರಟ್ಟಿನ ಮೊದಲಿನ ಬಣ್ಣಕ್ಕೆ ಬರುತ್ತದೆ, ಸ್ವಲ್ಪ ಸುಕ್ಕು ಉಳಿದೀತು ಅಷ್ಟೆ. ಎಣ್ಣೆಯ ಕಲೆ ಬೆಳಿಗ್ಗೆಯೂ ಹಾಗೆಯೇ ಇರುತ್ತದೆ. ತೆಳು ಕಾಗದವಾದರೆ ಬೆಳಕಿಗೆ ಹಿಡಿದರೆ ಸಾಕು. ಬೋಂಡಾ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆ ಇಳಿದ ಜಾಗ ಗಾಜಿನಂತೆ ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಕಾಗದ ಬೆಳ್ಳಗೆ ಕಾಣುವುದು ನಾರುಗಳ ನಡುವಿನ ಗಾಳಿಯಲ್ಲಿ ಬೆಳಕು ಚದುರುವುದರಿಂದ. ಆ ಗಾಳಿಯ ಜಾಗದಲ್ಲಿ ಎಣ್ಣೆ ಕೂತರೆ ಬೆಳಕು ಚದುರದೆ ನೇರ ಹಾಯುತ್ತದೆ. ಹಾಗೆ ಹೊಳೆಯುವ ಕಾಗದ ರದ್ದಿಯ ಕಟ್ಟಿಗೆ ಸೇರಬಾರದು.

ಒದ್ದೆಯಾದದ್ದು ಉಳಿಯುತ್ತದೆಯೇ?

ಮಳೆಯಲ್ಲಿ ನೆನೆದ ಪಾರ್ಸಲ್ ಪೆಟ್ಟಿಗೆ, ಗೇಟಿನ ಬಳಿ ತೊಯ್ದ ಪತ್ರಿಕೆ ಇವಕ್ಕೆ ಎಣ್ಣೆಯಷ್ಟು ಕಠಿಣ ನಿಯಮ ಬೇಕಿಲ್ಲ. ಬರೀ ನೀರಿನಲ್ಲಿ ನೆನೆದದ್ದನ್ನು ಅದೇ ದಿನ ಬಿಡಿಸಿ ಹರಡಿ ಒಣಗಿಸಿದರೆ ಹೆಚ್ಚಿನದೇನೂ ನಷ್ಟವಿಲ್ಲ. ಪೆಟ್ಟಿಗೆಯನ್ನು ಟೇಪು ಕಿತ್ತು, ಬಿಚ್ಚಿ, ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬೇಗ ಒಣಗುತ್ತದೆ. ಪದರಗಳು ಬಿಟ್ಟುಕೊಂಡರೂ ಚಿಂತೆಯಿಲ್ಲ, ಮಿಲ್‌ನಲ್ಲಿ ಅವು ಹೇಗೂ ಬಿಡಬೇಕು. ಒಣಗಿದೆಯೇ ಎಂದು ಕೈಗೇ ಗೊತ್ತಾಗುತ್ತದೆ. ಮೂಲೆ ಹರಿದಾಗ ಪರ್ರೆಂದು ಸದ್ದು ಬರಬೇಕು, ತಣ್ಣಗೆ ಮೆತ್ತಗೆ ಬಾಗಿದರೆ ಇನ್ನೂ ತೇವವಿದೆ. ಮುಗ್ಗಲು ವಾಸನೆ ಬಂದಿದ್ದರೆ, ಕಪ್ಪು ಅಥವಾ ಹಸಿರು ಚುಕ್ಕೆ ಎದ್ದಿದ್ದರೆ, ಹಾಳೆಗಳು ಬಿಡಿಸಲಾಗದಂತೆ ಅಂಟಿ ಗಟ್ಟಿಯಾಗಿದ್ದರೆ ಅದರ ಕಾಲ ಮುಗಿದಿದೆ. ಒಣಗಿಸಿದರೂ ಶಿಲೀಂಧ್ರದ ಬೀಜಕಣ ಹೋಗುವುದಿಲ್ಲ, ವಿಂಗಡಿಸುವವರ ಉಸಿರಿಗೆ ಅದು ಸೇರುತ್ತದೆ.

ನೆನೆದದ್ದು ಸಾರಿನಲ್ಲೋ ಹಾಲಿನಲ್ಲೋ ಆಗಿದ್ದರೆ ಒಣಗಿಸುವ ಗೋಜಿಗೆ ಹೋಗದೆ ಹಸಿ ಕಸಕ್ಕೆ ಹಾಕಿ. ಕೈ ಒರೆಸಿದ ಟಿಶ್ಯೂ ಕಾಗದಕ್ಕೂ ಅದೇ ದಾರಿ. ಟಿಶ್ಯೂವಿನ ನಾರಿನಲ್ಲಿ ಇನ್ನೊಂದು ಸುತ್ತಿಗೆ ಬೇಕಾದ ಸತ್ವ ಉಳಿದಿರುವುದಿಲ್ಲ, ಎಂಜಲು ಬೇರೆ. ಕಾಫಿ ಕುಡಿದ ಕಾಗದದ ಲೋಟ, ಬಿರಿಯಾನಿಯ ಕಾಗದದ ಡಬ್ಬಿ ಇವೆರಡೂ ಕಾಗದದಂತೆ ಕಂಡರೂ ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪೊರೆಯಿರುತ್ತದೆ. ಅಂಚನ್ನು ಮೆಲ್ಲಗೆ ಹರಿದರೆ ಪೊರೆ ಎಳೆದುಕೊಂಡು ಬರುವುದು ಕಾಣುತ್ತದೆ. ಅವನ್ನು ರಟ್ಟಿನ ಜೊತೆಗೂ ಸೇರಿಸಬಾರದು, ಗೊಬ್ಬರಕ್ಕೂ ಹಾಕಬಾರದು.

ಪಿಜ್ಜಾ ಡಬ್ಬಿಯ ಜಿಡ್ಡಿನ ತುಂಡು ಮಾತ್ರ ಗೊಬ್ಬರಕ್ಕೆ ಒಳ್ಳೆಯದೇ. ಅಡುಗೆಮನೆಯ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ರಟ್ಟಿನಲ್ಲಿ ಇಂಗಾಲ ಹೆಚ್ಚು. ಎರಡೂ ಸೇರಿದರೆ ಮಡಕೆಯ ಗೊಬ್ಬರ ಹುಳಿಯುವುದು, ನಾರುವುದು ಕಡಿಮೆಯಾಗುತ್ತದೆ. ಅಂಗೈಗಿಂತ ಚಿಕ್ಕದಾಗಿ ಹರಿದು, ನೀರು ಚಿಮುಕಿಸಿ, ತರಕಾರಿ ಸಿಪ್ಪೆಯ ನಡುವೆ ಹುದುಗಿಸಿ ಮೇಲೆ ತೆಂಗಿನ ನಾರಿನ ಪುಡಿ ಮುಚ್ಚಿ. ಇಡೀ ಡಬ್ಬಿಯನ್ನು ಹಾಗೇ ತುರುಕಿದರೆ ತಿಂಗಳಾದರೂ ಕರಗುವುದಿಲ್ಲ, ಮೇಲೆ ಬಿಟ್ಟರೆ ಇಲಿ ಬರುತ್ತದೆ. ಹೊಳಪಿನ ಪ್ಲಾಸ್ಟಿಕ್ ಲೇಪವಿರುವ ಡಬ್ಬಿಯಾದರೆ ಅದನ್ನು ಗೊಬ್ಬರಕ್ಕೆ ಹಾಕಲೇಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ತುಂಡಿನ ಬಗ್ಗೆ ಅನುಮಾನ ಉಳಿದರೆ ಅದನ್ನು ಒಣ ಕಸದ ಚೀಲಕ್ಕೆ ಹಾಕಬೇಡಿ. ಹರಿದು ಹಸಿ ಕಸಕ್ಕೆ ಹಾಕಿದ ಜಿಡ್ಡಿನ ರಟ್ಟಿನಿಂದ ಆಗುವ ನಷ್ಟ ಕೆಲವು ಗ್ರಾಂ ನಾರು ಮಾತ್ರ. ಅದೇ ತುಂಡು ಚೀಲಕ್ಕೆ ಹೋದರೆ ವಾರವಿಡೀ ನೀವು ಕೂಡಿಟ್ಟ ಒಳ್ಳೆಯ ಕಾಗದಕ್ಕೂ ಬೂಷ್ಟು ಹಿಡಿಸೀತು.